‘ಒಂದು ನಿಮಿಷ ಇದ್ದೀಯಾ?’: ದಿನವೂ ಕಷ್ಟ ತೋಡಿಕೊಳ್ಳುವ ಸಹೋದ್ಯೋಗಿ

(ಬಂದವರ ಒಪ್ಪಿಗೆ ಪಡೆದು ಬರೆದದ್ದು. ಹೆಸರು, ಕೆಲಸ, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಾಯಿಸಿದ್ದೇನೆ.)

ವೀಣಾಗೆ ಮೂವತ್ತನಾಲ್ಕು ವರ್ಷ, ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಮನೆಗೆ ಹೋದರೆ ಮಗಳ ಮೇಲೆ ರೇಗುತ್ತೇನೆ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಕೆಲಸದ ಒತ್ತಡ ಇರಬೇಕು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಕೆಲಸ ಹೇಗಿದೆ ಎಂದು ಕೇಳಿದರೆ, ಕೆಲಸದ ಬಗ್ಗೆ ಎರಡು ಮಾತು ಹೇಳಿ ಉಳಿದ ಹೊತ್ತೆಲ್ಲ ಪಕ್ಕದ ಮೇಜಿನ ಸುಮಿತ್ರಾ ಬಗ್ಗೆಯೇ ಹೇಳಿದರು.

ಸುಮಿತ್ರಾ ಇವರಿಗಿಂತ ಎಂಟು ವರ್ಷ ದೊಡ್ಡವರು. ವೀಣಾ ಅವರನ್ನು ಕರೆಯುವುದು ಸುಮಕ್ಕ ಎಂದೇ. ಎರಡು ವರ್ಷದ ಹಿಂದೆ ಸುಮಿತ್ರಾರ ತಾಯಿಗೆ ದೊಡ್ಡ ಆಪರೇಷನ್ ಆದಾಗ ವೀಣಾ ಜೊತೆಗೆ ನಿಂತಿದ್ದರು. ಆಗ ಬೆಳಗ್ಗೆ ಬಂದ ಕೂಡಲೇ ‘ಅಮ್ಮ ಹೇಗಿದ್ದಾರೆ?’ ಎಂದು ಕೇಳುವುದು ರೂಢಿಯಾಯಿತು. ತಾಯಿ ಚೇತರಿಸಿಕೊಂಡರೂ ಬೆಳಗಿನ ಆ ಮಾತು ನಿಲ್ಲಲಿಲ್ಲ. ತಾಯಿಯ ಜಾಗಕ್ಕೆ ಮಾತಾಡದ ಗಂಡ ಬಂದ, ಅವನ ಸಾಲ ಬಂತು, ತಾಯಿಯ ಖರ್ಚಿಗೆ ಕೈಜೋಡಿಸದ ತಮ್ಮ ಬಂದ. ಬೆಳಗ್ಗೆ ಸಿಸ್ಟಮ್ ಆನ್ ಮಾಡುವ ಮುಂಚೆ ‘ಒಂದು ನಿಮಿಷ ಇದ್ದೀಯಾ?’, ಊಟದ ಹೊತ್ತಿನಲ್ಲಿ ಅದರ ಮುಂದಿನ ಭಾಗ, ರಾತ್ರಿ ಫೋನಿನಲ್ಲಿ ಉದ್ದುದ್ದ ಧ್ವನಿಸಂದೇಶ.

‘ಕೇಳದೇ ಇದ್ದರೆ ಪಾಪ ಅನ್ನಿಸುತ್ತೆ ಮೇಡಂ. ಕೇಳಿದರೆ ಅವತ್ತಿಡೀ ನನಗೇ ತಲೆ ಓಡಲ್ಲ. ಅವರು ಬರೋದು ಕಂಡರೆ ಸಾಕು, ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತೆ. ನಾನು ಅಷ್ಟು ಕೆಟ್ಟವಳಾ?’

ಆ ಪ್ರಶ್ನೆಗೆ ಆಗಲೇ ಉತ್ತರ ಹೇಳಲಿಲ್ಲ. ಈ ಮಾತುಕತೆ ಸಾಮಾನ್ಯವಾಗಿ ಹೇಗೆ ಮುಗಿಯುತ್ತದೆ ಎಂದು ಕೇಳಿದೆ. ಯಾರದೋ ಫೋನ್ ಬಂತು ಎನ್ನುತ್ತಾರಂತೆ, ಮೀಟಿಂಗ್ ಇದೆ ಎನ್ನುತ್ತಾರಂತೆ, ಶೌಚಾಲಯಕ್ಕೆ ಎದ್ದು ಹೋಗುತ್ತಾರಂತೆ. ಅಂದರೆ ಎರಡು ವರ್ಷದಲ್ಲಿ ಒಮ್ಮೆಯೂ ‘ಈಗ ಆಗಲ್ಲ’ ಎಂಬ ಮಾತು ಸುಮಿತ್ರಾರ ಕಿವಿಗೆ ಬಿದ್ದಿಲ್ಲ. ಅವರ ಮಟ್ಟಿಗೆ ವೀಣಾ ಯಾವಾಗಲೂ ಕೇಳಲು ಸಿದ್ಧ, ಆದರೆ ಪದೇಪದೇ ಏನೋ ಅಡ್ಡ ಬರುತ್ತದೆ, ಅಷ್ಟೆ. ಅಡ್ಡ ಬಂದದ್ದು ಕಳೆದ ಮೇಲೆ ಮಾತು ನಿಂತಲ್ಲಿಂದ ಶುರು ಮಾಡುವುದು ಸಹಜವೇ.

ಒಂದು ವಾರ ಬರೆದಿಡಲು ಹೇಳಿದೆ: ಮಾತು ಶುರು ಮಾಡಿದ್ದು ಯಾರು, ಎಷ್ಟು ಹೊತ್ತಾಯಿತು, ನಾನು ಏನೆಂದೆ. ಮುಂದಿನ ಭೇಟಿಗೆ ಆ ಹಾಳೆ ತಂದ ವೀಣಾ ಸ್ವಲ್ಪ ಸಪ್ಪಗಿದ್ದರು. ದಿನಕ್ಕೆ ಸುಮಾರು ಒಂದು ಗಂಟೆ ಹೋಗುತ್ತಿತ್ತು, ಅದು ಅವರ ಊಹೆಗೆ ಹತ್ತಿರವೇ ಇತ್ತು. ಆದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಬಾಗಿಲು ತೆರೆದದ್ದು ತಾವೇ ಎಂದು ಗೊತ್ತಾಗಿತ್ತು. ‘ಯಾಕಕ್ಕ, ಮುಖ ಬಾಡಿದೆ?’, ‘ರಾತ್ರಿ ಮತ್ತೆ ಜಗಳ ಆಯ್ತಾ?’ ಪಕ್ಕದಲ್ಲಿ ಒಬ್ಬರು ಮುಖ ಸಣ್ಣ ಮಾಡಿಕೊಂಡು ಕೂತರೆ ವೀಣಾಗೆ ಸುಮ್ಮನಿರಲು ಆಗುವುದಿಲ್ಲ. ಇದಕ್ಕೆ ಅವರ ಬಾಲ್ಯದಲ್ಲಿ ಬೇರಿದೆ. ಅಪ್ಪ ಅಮ್ಮನ ನಡುವೆ ರಾಜಿ ಮಾಡಿಸುತ್ತಿದ್ದ ಮಗಳು ಅವರು. ಅದನ್ನು ಬೇರೆಯಾಗಿ ಮಾತಾಡಿದೆವು, ಇಲ್ಲಿ ಬೆಳೆಸುವುದಿಲ್ಲ.

ಹಾಳೆಯಲ್ಲಿ ಇನ್ನೊಂದೂ ಕಂಡಿತು. ವಿಷಯ ಎರಡೇ, ಸಾಲ ಮತ್ತು ತಮ್ಮ. ವೀಣಾ ಏನೇ ಸಲಹೆ ಕೊಟ್ಟರೂ ‘ಅದೆಲ್ಲ ಆಗೋ ಮಾತಲ್ಲ ಬಿಡು’. ಆಮೇಲೆ ಮತ್ತೆ ಮೊದಲಿಂದ. ಇಬ್ಬರು ಸೇರಿ ಒಂದೇ ಕಷ್ಟವನ್ನು ಹೀಗೆ ಕೆದಕುತ್ತ ಕೂರುವ ಅಭ್ಯಾಸವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಅಮಾಂಡಾ ರೋಸ್ 2002ರಲ್ಲಿ ಶಾಲಾ ಮಕ್ಕಳ ಸ್ನೇಹವನ್ನು ಗಮನಿಸಿ ವಿವರಿಸಿದ್ದರು. ಹಾಗೆ ಮಾತಾಡುವವರ ನಡುವೆ ಆಪ್ತತೆ ಹೆಚ್ಚು, ಜೊತೆಗೆ ಖಿನ್ನತೆ, ಆತಂಕದ ಲಕ್ಷಣಗಳೂ ಹೆಚ್ಚು ಎಂದು ಅವರಿಗೆ ಕಂಡಿತ್ತು. ದೊಡ್ಡವರಲ್ಲೂ ಇದೇ ಜೋಡಿಯನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಹೇಳಿಕೊಂಡ ಕೂಡಲೇ ಹಗುರ ಅನ್ನಿಸುವುದು ನಿಜ. ಆ ಹಗುರವೇ ನಾಳೆ ಮತ್ತೆ ಇದೇ ಮೇಜಿನ ಬಳಿಗೆ ಕರೆತರುತ್ತದೆ. ಸಾಲ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ವೀಣಾರ ಮುಂದಿದ್ದ ಪ್ರಶ್ನೆ ಕೇಳಬೇಕೋ ಬೇಡವೋ ಎಂಬುದಲ್ಲ. ಯಾವಾಗ ಕೇಳಬೇಕು, ಕೇಳಿ ಏನೆನ್ನಬೇಕು ಎಂಬುದು.

ಇಂಥ ಕಡೆ ‘ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿಬಿಡಿ’ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಎರಡು ವರ್ಷದ ಬೇಸರವನ್ನು ಒಂದೇ ಸಲ ಸುರಿದರೆ, ಮೊದಲೇ ನೊಂದವರಿಗೆ ಅದು ತೀರ್ಪಿನಂತೆ ಕೇಳುತ್ತದೆ. ಮಿತಿಯನ್ನು ಮಾತಿನ ಕೊನೆಯಲ್ಲಿ ಎಳೆಯದೆ ಶುರುವಿನಲ್ಲೇ ಎಳೆಯುವುದು ಮೇಲು. ಎದುರಿಗಿರುವವರು ಅಳುತ್ತಿರುವಾಗ ಎದ್ದು ಹೋಗುವುದು ಇಬ್ಬರಿಗೂ ಕಷ್ಟ. ಇನ್ನೂ ಮಾತು ಶುರುವಾಗದಿದ್ದಾಗ ಹೇಳುವುದು ಅಷ್ಟು ಕಷ್ಟವಲ್ಲ.

ನಾನು ಸುಮಿತ್ರಾ ಆಗಿ ನಟಿಸಿದೆ, ವೀಣಾ ಉತ್ತರಿಸಬೇಕು. ಮೊದಲ ಪ್ರಯತ್ನದಲ್ಲಿ ಒಂದೇ ವಾಕ್ಯದೊಳಗೆ ಮೂರು ಸಲ ಸಾರಿ ಹೇಳಿದರು. ಕೊನೆಯಲ್ಲಿ ‘ಇಲ್ಲ ಪರವಾಗಿಲ್ಲ, ಬೇಗ ಹೇಳಿಬಿಡಿ’ ಎಂದು ತಾವೇ ಸೋತರು, ಇಬ್ಬರೂ ನಕ್ಕೆವು. ತಿದ್ದಿ ತಿದ್ದಿ ಕೊನೆಗೆ ಉಳಿದದ್ದು ಇಷ್ಟು:

‘ಸುಮಕ್ಕ, ಈಗ ಕೇಳೋಕಾಗಲ್ಲ, ಇದನ್ನ ಹನ್ನೊಂದರೊಳಗೆ ಮುಗಿಸಬೇಕು. ಊಟ ಆದಮೇಲೆ ಹತ್ತು ನಿಮಿಷ ಕೂತು ಮಾತಾಡೋಣ.’

ನೆಪವಿಲ್ಲ, ಕಾರಣ ಒಂದೇ, ಅದೂ ನಿಜವಾದದ್ದು. ‘ಆಗಲ್ಲ’ ಎಂದ ಬೆನ್ನಿಗೇ ‘ಯಾವಾಗ ಆಗುತ್ತೆ’ ಎಂಬುದೂ ಇದೆ. ಆ ಹತ್ತು ನಿಮಿಷವನ್ನು ಕೊಟ್ಟೇ ತೀರಬೇಕು, ಮತ್ತು ಹತ್ತು ನಿಮಿಷಕ್ಕೆ ಎದ್ದೇ ಬಿಡಬೇಕು ಎಂದು ಒತ್ತಿ ಹೇಳಿದೆ. ಕೊಡದಿದ್ದರೆ ಬೆಳಗ್ಗೆ ಹೇಳಿದ್ದೂ ನೆಪವೇ ಆಗುತ್ತದೆ. ರಾತ್ರಿಯ ಧ್ವನಿಸಂದೇಶಕ್ಕೆ ರಾತ್ರಿ ಉತ್ತರ ಬೇಡ, ಸದ್ದು ಬರದಂತೆ ಮಾಡಿಟ್ಟು ಬೆಳಗ್ಗೆ ಒಂದು ಸಾಲು ಬರೆದರೆ ಸಾಕು.

ಆ ಹತ್ತು ನಿಮಿಷದಲ್ಲಿ ಏನು ಮಾಡುವುದು? ‘ಆಮೇಲೆ? ಅವನೇನಂದ?’ ಎಂದು ಕೇಳುವುದನ್ನು ನಿಲ್ಲಿಸಲು ಹೇಳಿದೆ, ಆ ಪ್ರಶ್ನೆಗಳಿಂದಲೇ ಕತೆ ಬೆಳೆಯುತ್ತದೆ. ಸಲಹೆಯನ್ನೂ ನಿಲ್ಲಿಸಿ, ಯಾಕೆಂದರೆ ಅದನ್ನು ತಳ್ಳಿಹಾಕುವುದರಲ್ಲೇ ಮುಂದಿನ ಅರ್ಧ ಗಂಟೆ ಹೋಗುತ್ತದೆ. ಅವರ ನೋವು ನಿಮಗೆ ಮುಟ್ಟಿದೆ ಎಂದು ಒಂದು ಮಾತು ಹೇಳಿ, ಆಮೇಲೆ ‘ಇದಕ್ಕೆ ಈ ವಾರ ಏನು ಮಾಡಬೇಕು ಅಂದುಕೊಂಡಿದ್ದೀರಿ?’ ಎಂದು ಕೇಳಿ ಸುಮ್ಮನಿರಿ. ಮಾತು ತುಂಬಲು ಹೋಗಬೇಡಿ.

ಮೊದಲ ವಾರ ಚೆನ್ನಾಗಿಯೇ ಹೋಯಿತು. ಎರಡನೆಯ ವಾರ ಕೆಟ್ಟಿತು. ಸುಮಿತ್ರಾ ಮೇಜಿನಲ್ಲೇ ಕಣ್ಣೊರೆಸಿಕೊಳ್ಳಲು ಶುರು ಮಾಡಿದರು, ‘ವೀಣಾ ಈಗ ದೊಡ್ಡವಳಾಗಿಬಿಟ್ಟಿದ್ದಾಳೆ’ ಎಂದು ಬೇರೆಯವರ ಹತ್ತಿರ ಅಂದರು. ಅದು ಕಿವಿಗೆ ಬಿದ್ದ ದಿನ ವೀಣಾ ರಾತ್ರಿ ತಾವೇ ಫೋನ್ ಮಾಡಿ ಒಂದೂವರೆ ಗಂಟೆ ಕೇಳಿದರು. ‘ಎಲ್ಲ ಮಾಡಿದ್ದು ನೀರಲ್ಲಿ ಹೋಯ್ತು ಮೇಡಂ’ ಎಂದರು.

ಈ ಏರುಪೇರು ಬರುತ್ತದೆ ಎಂದು ಮೊದಲೇ ಹೇಳಿದ್ದೆ, ಆದರೂ ಬಂದಾಗ ತಡೆದುಕೊಳ್ಳುವುದು ಬೇರೆಯೇ ಮಾತು. ಇಷ್ಟು ದಿನ ಸಿಗುತ್ತಿದ್ದದ್ದು ತಟ್ಟನೆ ನಿಂತರೆ ಮನುಷ್ಯ ಮೊದಲು ಇನ್ನಷ್ಟು ಜೋರಾಗಿ ಕೇಳುತ್ತಾನೆ, ಆಮೇಲೆ ಇಳಿಯುತ್ತಾನೆ. ಹಾಗೆ ಜೋರಾದ ಹೊತ್ತಲ್ಲೇ ನಾವು ಸೋತರೆ, ಸಾಕಷ್ಟು ಅತ್ತರೆ ಸಿಗುತ್ತದೆ ಎಂಬುದು ಇಬ್ಬರಿಗೂ ರೂಢಿಯಾಗುತ್ತದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದ ಬಹುಮಾನ, ಸದಾ ಸಿಗುವುದಕ್ಕಿಂತ ಗಟ್ಟಿಯಾದ ಅಭ್ಯಾಸ ಹುಟ್ಟಿಸುತ್ತದೆ ಎಂಬುದು ಕಲಿಕೆಯ ಮನಶ್ಶಾಸ್ತ್ರದಲ್ಲಿ ಹಳೆಯ ವಿಷಯ. ಹಾಗಾಗಿ ಹತ್ತು ನಿಮಿಷ ಕಷ್ಟವಾದರೆ ಹದಿನೈದು ಮಾಡಿ, ಆದರೆ ಎಲ್ಲ ದಿನವೂ ಅಷ್ಟೇ ಇರಲಿ ಎಂದೆ.

ಆಗ ವೀಣಾ ತಡವರಿಸುತ್ತ ಕೇಳಿದರು: ‘ಮೊನ್ನೆ ಅವರು, ಬದುಕಿದ್ದು ಏನು ಪ್ರಯೋಜನ ಅಂದರು. ಅದೂ ಈ ಜೋರಿನಲ್ಲೇ ಸೇರುತ್ತಾ?’

ಸೇರುವುದಿಲ್ಲ, ಸೇರಿಸಿಕೊಳ್ಳಲೂಬಾರದು. ಆ ಮಾತು ಬಂದಾಗ ಹತ್ತು ನಿಮಿಷದ ಲೆಕ್ಕ ಬದಿಗಿಡಿ, ಮನೆಯಲ್ಲಿ ಹೊಡೆತ ಬೀಳುತ್ತಿದೆ ಎಂದರೂ ಹಾಗೆಯೇ. ‘ಸಾಯಬೇಕು ಅನ್ನಿಸ್ತಿದೆಯಾ ಅಕ್ಕ? ಹೇಗೆ ಅಂತ ಏನಾದರೂ ಯೋಚಿಸಿದ್ದೀರಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ, ಮನೆಯವರನ್ನೋ ನಂಬಿಕೆಯ ಮತ್ತೊಬ್ಬರನ್ನೋ ಆಗಲೇ ಕರೆಸಿ ತುರ್ತು ವೈದ್ಯಕೀಯ ಸಹಾಯ ಪಡೆಯಿರಿ.

ಮರುದಿನವೇ ವೀಣಾ ಕೇಳಿದರು. ‘ಸಾಯೋ ಯೋಚನೆ ಇಲ್ಲ ಕಣೆ, ಸುಸ್ತು’ ಎಂದರಂತೆ ಸುಮಿತ್ರಾ. ತಿಂಗಳುಗಳಿಂದ ಮೂರು ಗಂಟೆಗೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಎರಡು ವರ್ಷ ದಿನಕ್ಕೊಂದು ಗಂಟೆ ಮಾತಾಡಿದರೂ ಹೊರಬರದ ಸಂಗತಿ ಇದು. ಸಾಲ, ತಮ್ಮ ಎಂಬ ಎರಡು ಕತೆಗಳ ಅಡಿಯಲ್ಲಿ ಅಡಗಿತ್ತು. ನಾನು ಸುಮಿತ್ರಾರನ್ನು ನೋಡಿಲ್ಲ, ಇದು ಖಿನ್ನತೆಯೇ ಎಂದು ಹೇಳಲಾರೆ. ಆದರೆ ಇಂಥ ಲಕ್ಷಣ ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಬೇಕು. ಅವತ್ತಿನ ಹತ್ತು ನಿಮಿಷವನ್ನು ವೀಣಾ ಪಕ್ಕದಲ್ಲಿ ಕೂತು, ಸುಮಿತ್ರಾರಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಲು ಬಳಸಿದರು. ತಾವೇ ಮಾಡಿಕೊಡುತ್ತೇನೆ ಎನ್ನಲಿಲ್ಲ. ಅದು ನನಗೆ ಬಹಳ ಹಿಡಿಸಿತು.

ಮ್ಯಾನೇಜರಿಗೆ ಹೇಳಲೇ ಎಂದು ಒಮ್ಮೆ ಕೇಳಿದ್ದರು. ಕೆಲಸ ಕೆಡುತ್ತಿದ್ದು ನಿಮ್ಮ ಮಾತು ನಾಟದಿದ್ದರೆ ಹೇಳಬಹುದು, ಆದರೆ ಕೂರುವ ಜಾಗ ಬದಲಾಯಿಸಿ, ಅಡ್ಡಿಯಿಲ್ಲದ ಒಂದೆರಡು ಗಂಟೆ ಬೇಕು ಎಂದಷ್ಟೇ ಕೇಳಿ, ಅವರ ಗಂಡನ ಸಾಲದ ಸುದ್ದಿ ಅಲ್ಲಿಗೆ ಹೋಗಬಾರದು ಎಂದಿದ್ದೆ. ಅದರ ಅಗತ್ಯ ಬರಲಿಲ್ಲ.

ಕೊನೆಯ ಭೇಟಿಗೆ ಬಂದಾಗ ವೀಣಾಗೆ ನಿದ್ದೆ ಬರುತ್ತಿತ್ತು. ಸುಮಿತ್ರಾ ಔಷಧಿ ತೆಗೆದುಕೊಳ್ಳುತ್ತಿದ್ದರು, ಸಾಲ ಹಾಗೇ ಇತ್ತು. ಊಟದ ನಂತರದ ಮಾತು ಕೆಲವು ದಿನ ತಾನಾಗಿಯೇ ತಪ್ಪುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಮೇಜಿನ ಬಳಿ ಸುಮಿತ್ರಾ ಆಗಾಗ ನಿಲ್ಲುತ್ತಾರಂತೆ. ‘ಅದನ್ನ ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತೆ ಮೇಡಂ, ನಗಬೇಡಿ’ ಎಂದರು. ಆ ಹುಡುಗಿಗೆ ಎಚ್ಚರಿಕೆ ಹೇಳಬೇಕೇ ಎಂದೂ ಕೇಳಿದರು. ಅವಳಾಗಿ ಬಂದು ಕೇಳಿದರೆ, ನೀವು ಊಟದ ನಂತರದ ಹತ್ತು ನಿಮಿಷ ಹೇಗೆ ಗೊತ್ತುಮಾಡಿಕೊಂಡಿರಿ ಎಂಬುದನ್ನಷ್ಟೇ ಹೇಳಿ, ಅಲ್ಲಿಯವರೆಗೆ ಸುಮ್ಮನಿರಿ ಎಂದೆ.