ಪೈ ಚಾರ್ಟ್‌ನಲ್ಲಿ ಕಳೆದುಹೋದ ಆ ಒಂದು ಶೇಕಡಾ

"ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡುವ 250 ಜನರನ್ನು ಕೇಳಿದೆ. ಚಿಗರಿ ಬಸ್ 103, ಬೈಕ್ 78, ಸಾದಾ ಬಸ್ 43, ಕಾರು 26. ಪೈ ಚಾರ್ಟ್‌ನ ಶೇಕಡಾ ಕೂಡಿದರೆ 99 ಬರುತ್ತೆ. ಎಲ್ಲಿ ತಪ್ಪಿದೆ?"

ನಿಮ್ಮ ಎಣಿಕೆ ಸರಿಯಾಗೇ ಇದೆ. ನಿಜವಾದ ಶೇಕಡಾ 41.2, 31.2, 17.2, 10.4. ನಾಲ್ಕರಲ್ಲೂ ದಶಾಂಶದ ಭಾಗ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಪೂರ್ಣಾಂಕ ಮಾಡುವಾಗ ನಾಲ್ಕೂ ಕೆಳಗಿಳಿದವು. ಬಿಟ್ಟುಹೋದ ಚೂರುಗಳನ್ನು ಕೂಡಿ ನೋಡಿ, ಸರಿಯಾಗಿ 1 ಬರುತ್ತೆ.

ಮೊತ್ತ ನೂರೇ ಬರಬೇಕಾದರೆ, ಮೊದಲು ದಶಾಂಶ ಬಿಟ್ಟು ಪೂರ್ಣಾಂಕ ಮಾತ್ರ ಇಟ್ಟುಕೊಳ್ಳಿ: 41, 31, 17, 10. ನೂರಕ್ಕೆ ಒಂದು ಕಡಿಮೆ. ಅದನ್ನು ಅತಿ ದೊಡ್ಡ ಚೂರು ಇರುವವರಿಗೆ ಕೊಡಿ, ಅಂದರೆ 0.4 ಇರುವ ಕಾರಿಗೆ. ಅದು 11 ಆಗುತ್ತೆ. ಎರಡು ಕಡಿಮೆ ಬಿದ್ದರೆ ಎರಡನೇ ದೊಡ್ಡ ಚೂರಿಗೂ ಒಂದು. 101 ಬರುವ ಲೆಕ್ಕಕ್ಕೂ ಇದೇ ದಾರಿ, ಯಾಕಂದ್ರೆ ದಶಾಂಶ ಬಿಟ್ಟ ಮೇಲೆ ಮೊತ್ತ ನೂರು ದಾಟುವುದೇ ಇಲ್ಲ. ಚೂರುಗಳು ಸಮವಾದರೆ ಜಾಸ್ತಿ ಜನ ಇರುವ ಗುಂಪಿಗೆ ಅಂತ ಮೊದಲೇ ನಿಯಮ ಮಾಡಿಕೊಳ್ಳಿ.

ಒಂದು ಮಾತ್ರ ಮರೆಯಬೇಡಿ. ಚಾರ್ಟ್‌ನ ಹೋಳುಗಳನ್ನು 103, 78, 43, 26ರಿಂದಲೇ ಬರೆಸಿ, ತಿದ್ದಿದ ಅಂಕಿ ಲೇಬಲ್‌ಗೆ ಮಾತ್ರ. 10.4 ಇದ್ದದ್ದು 11 ಆಗಿರುವುದು ನಿಮಗೆ ಸರಿ ಅನಿಸದಿದ್ದರೆ ಒಂದು ದಶಾಂಶ ತೋರಿಸಿ. ನಿಮ್ಮ ಅಂಕಿಗಳಿಗೆ ನಾನಾದರೆ ಅದನ್ನೇ ಮಾಡುತ್ತಿದ್ದೆ, ಸರಿಯಾಗಿ 100.0 ಬರುತ್ತೆ ಅಲ್ವಾ.