ಹಳೆಯ ಬೈಕಿನ ಇನ್ಶೂರೆನ್ಸ್ ನಿಮಗೆ ಬರುತ್ತದೆ, ಬೋನಸ್ ಬರುವುದಿಲ್ಲ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಪರಿಚಯದವರೊಬ್ಬರಿಂದ ಮೂರೂವರೆ ವರ್ಷದ 125 ಸಿಸಿ ಬೈಕ್ ಕೊಳ್ಳುತ್ತಿದ್ದೇನೆ. ಇನ್ಶೂರೆನ್ಸ್ ಇನ್ನೂ ಐದು ತಿಂಗಳಿದೆ, ಶೇ 35 ನೋ ಕ್ಲೇಮ್ ಬೋನಸ್ ಕೂಡ ಇದೆ ಎಂದು ಅವರು 2,000 ರೂಪಾಯಿ ಹೆಚ್ಚು ಕೇಳುತ್ತಿದ್ದಾರೆ. ಎರಡೂ ನನ್ನ ಹೆಸರಿಗೆ ಬರುತ್ತವೆಯೇ?

ಬೋನಸ್ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ಮಾರುವವರ ಸ್ವಂತ ಗಳಿಕೆ. ಕ್ಲೇಮ್ ಮಾಡದೆ ಮೂರು ವರ್ಷ ಕಳೆದದ್ದಕ್ಕೆ ಅವರಿಗೆ ಸಿಕ್ಕ ರಿಯಾಯಿತಿ ಬೈಕ್ ಕೈ ಬದಲಾದರೂ ಅವರ ಬಳಿಯೇ ಉಳಿಯುತ್ತದೆ. ಅವರು ಕೊಡುತ್ತೇನೆಂದರೂ ಕೊಡಲು ಬರುವುದಿಲ್ಲ. ಮಾಲೀಕರು ತೀರಿಕೊಂಡು ವಾಹನ ಹೆಂಡತಿ, ಮಕ್ಕಳ ಹೆಸರಿಗೆ ಹೋಗುವಂಥ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಬೋನಸ್ ಜೊತೆಗೆ ಹೋಗಬಹುದು. ನಿಮ್ಮದು ಮಾರಾಟ.

ನಾನು ಗದಗಿನಲ್ಲಿ ವಿಮಾ ಏಜೆಂಟ್. ಆದರೆ ಈ ಪಾಠ ಕಲಿತದ್ದು ಏಜೆಂಟ್ ಆಗುವ ಮೊದಲು, ಕೈ ಸುಟ್ಟುಕೊಂಡು. ಧಾರವಾಡದಲ್ಲಿ ಒಂದು ಹಳೆಯ ಸ್ಕೂಟರ್ ಕೊಂಡಿದ್ದೆ. ಆರ್‌ಸಿ ನನ್ನ ಹೆಸರಿಗೆ ಮಾಡಿಸಿದೆ, ಇನ್ಶೂರೆನ್ಸ್ ಮಾತ್ರ ಹಾಗೇ ಬಿಟ್ಟೆ. ಅವಧಿ ಮುಗಿಯುವ ಹೊತ್ತಿಗೆ ಹಳೆಯ ಪಾಲಿಸಿ ನಂಬರ್ ಹಾಕಿ ಮೊಬೈಲಿನಲ್ಲೇ ನವೀಕರಿಸಿದೆ. ಮಾಲೀಕತ್ವ ಬದಲಾಗಿದೆಯೇ ಎಂಬ ಪ್ರಶ್ನೆಗೆ ಓದದೆಯೇ ‘ಇಲ್ಲ’ ಒತ್ತಿದ್ದೆ. ಬೋನಸ್ ತಾನಾಗಿಯೇ ಬಂದಿತ್ತು, ಅಗ್ಗವಾಯಿತೆಂದು ಖುಷಿಯೂ ಆಗಿತ್ತು. ಮಳೆಗಾಲದಲ್ಲಿ ನವಲೂರಿನ ಹತ್ತಿರ ಜಾರಿ ಬಿದ್ದೆ. ಫೋರ್ಕ್ ಬಾಗಿ, ಮುಂದಿನ ಮಾಸ್ಕ್ ಒಡೆದು, ಗ್ಯಾರೇಜಿನವರು 6,400 ರೂಪಾಯಿ ಅಂದಾಜು ಕೊಟ್ಟರು. ಸರ್ವೇಯರ್ ಬಂದು ಮೊದಲು ಕೇಳಿದ್ದು ಆರ್‌ಸಿ. ಅದರಲ್ಲಿ ನನ್ನ ಹೆಸರು, ಪಾಲಿಸಿಯಲ್ಲಿ ಹಿಂದಿನವರ ಹೆಸರು. ಹದಿನೈದು ದಿನಗಳಲ್ಲಿ ಕ್ಲೇಮ್ ತಿರಸ್ಕರಿಸಿದ ಪತ್ರ ಬಂತು. ಕಂಪನಿಯ ಮೇಲೆ ಬಹಳ ದಿನ ಸಿಟ್ಟಿತ್ತು. ಆದರೆ ಬೋನಸ್ ಬಗ್ಗೆ ಕೊಟ್ಟ ಹೇಳಿಕೆ ಸುಳ್ಳೆಂದು ಕಂಡರೆ ಸ್ವಂತ ಹಾನಿಯ ಪರಿಹಾರವೆಲ್ಲ ರದ್ದು ಎಂದು ನನ್ನ ಪಾಲಿಸಿಯಲ್ಲೇ ಅಚ್ಚಾಗಿತ್ತು.

ಪಾಲಿಸಿಯೊಳಗೆ ಎರಡು ಭಾಗಗಳಿರುತ್ತವೆ, ಮಾರಾಟವಾದಾಗ ಅವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ನಿಮ್ಮ ಬೈಕಿನಿಂದ ಬೇರೆಯವರಿಗೆ ಏಟಾದರೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ಭಾಗ, 1988ರ ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ, ಮಾರಾಟದ ದಿನದಿಂದಲೇ ಕೊಂಡವರಿಗೆ ವರ್ಗವಾದಂತೆ ಎಣಿಕೆಯಾಗುತ್ತದೆ. ನಿಮ್ಮ ಬೈಕಿನ ರಿಪೇರಿ, ಕಳ್ಳತನಕ್ಕೆ ಸಂಬಂಧಿಸಿದ ಸ್ವಂತ ಹಾನಿಯ ಭಾಗ ಹಾಗೆ ತಾನಾಗಿ ಬರುವುದಿಲ್ಲ. ನೀವು ಅರ್ಜಿ ಹಾಕಬೇಕು, ಕಂಪನಿ ಒಪ್ಪಿ ನಿಮ್ಮ ಹೆಸರು ಸೇರಿಸಬೇಕು. ಸುಪ್ರೀಂ ಕೋರ್ಟ್ 1995ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಅರ್ಜಿಗೆ ಇರುವ ಗಡುವು ಮಾರಾಟದ ದಿನದಿಂದ 14 ದಿನ. ಆರ್‌ಟಿಒದಿಂದ ಹೊಸ ಆರ್‌ಸಿ ಬರಲಿ ಎಂದು ಕಾಯುತ್ತ ಕೂತವರೇ ಹೆಚ್ಚಾಗಿ ಈ ಗಡುವನ್ನು ತಪ್ಪಿಸಿಕೊಳ್ಳುತ್ತಾರೆ. ಮಾಲೀಕತ್ವ ಬದಲಾವಣೆಗೆ ಆರ್‌ಟಿಒಗೆ ಕೊಡುವ, ಇಬ್ಬರೂ ಸಹಿ ಮಾಡಿದ ಫಾರಂ 29 ಮತ್ತು 30ರ ಪ್ರತಿ, ಹಳೆಯ ಪಾಲಿಸಿ, ಮಾರುವವರ ಒಪ್ಪಿಗೆ ಪತ್ರ, ನಿಮ್ಮ ಹೆಸರಿನ ಹೊಸ ಪ್ರಪೋಸಲ್ ಫಾರಂ, ಗುರುತಿನ ಚೀಟಿ ಇವಿಷ್ಟನ್ನು ಮೊದಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಸ ಆರ್‌ಸಿಯ ಪ್ರತಿಯನ್ನು ಬಂದ ಮೇಲೆ ಸೇರಿಸಿ.

ಈಗ ಲೆಕ್ಕ. ಬೋನಸ್ ಕಡಿತವಾಗುವುದು ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ ಮೇಲೆ ಇಲ್ಲವೇ ಇಲ್ಲ. ಮಾರುವವರ ಪಾಲಿಸಿಯಲ್ಲಿ ಬೋನಸ್‌ಗೆ ಮೊದಲು ಆ ಪ್ರೀಮಿಯಂ 1,000 ರೂಪಾಯಿ ಇತ್ತೆಂದುಕೊಳ್ಳಿ. ಶೇ 35ರ ಲೆಕ್ಕದಲ್ಲಿ ಅವರಿಗೆ 350 ರೂಪಾಯಿ ಉಳಿದಿದೆ. ಬೈಕ್ ನಿಮ್ಮದಾದಾಗ 365ರಲ್ಲಿ 146 ದಿನ ಬಾಕಿ ಇದ್ದರೆ, ಆ 350ರಲ್ಲಿ ಉಳಿದ ದಿನಗಳ ಪಾಲು 140 ರೂಪಾಯಿ. ಇದನ್ನು ಕಂಪನಿ ನಿಮ್ಮಿಂದ ವಸೂಲು ಮಾಡುತ್ತದೆ, ಏಕೆಂದರೆ ಆ ದಿನಗಳಿಗೆ ನೀವು ಬೋನಸ್ ಇಲ್ಲದ ಗ್ರಾಹಕ. ವರ್ಗಾವಣೆ ಶುಲ್ಕ 50 ರೂಪಾಯಿ ಸೇರಿ 190, ಅದರ ಮೇಲೆ ಶೇ 18 ಜಿಎಸ್‌ಟಿ; ಒಟ್ಟು ಸುಮಾರು 224 ರೂಪಾಯಿ. ಅಂದರೆ ಅವರು 2,000 ಕೇಳುತ್ತಿರುವ ಬೋನಸ್‌ಗಾಗಿ ನೀವೇ ಕಂಪನಿಗೆ ಕೈಯಿಂದ ಕಟ್ಟಬೇಕು!

ಹಾಗೆಂದು ಮಾರುವವರದು ಪೂರ್ತಿ ಸುಳ್ಳು ಬೇಡಿಕೆ ಎನ್ನಲಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಐದು ತಿಂಗಳಲ್ಲಿ ಮುಗಿಯುವುದು ಬಹುಶಃ ಸ್ವಂತ ಹಾನಿಯ ಪಾಲಿಸಿ. ಥರ್ಡ್ ಪಾರ್ಟಿ ಅದರ ಮೇಲೂ ಒಂದು ವರ್ಷ ಇರಬೇಕು. 75ರಿಂದ 150 ಸಿಸಿ ಬೈಕಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 714 ರೂಪಾಯಿ. ಅದರಂತೆ 146 ಮತ್ತು 365 ಸೇರಿ 511 ದಿನಕ್ಕೆ ಸುಮಾರು 1,000 ರೂಪಾಯಿ, ತೆರಿಗೆ ಸೇರಿ 1,180. ಬೆಲೆಯಲ್ಲಿ ಸೇರಿಸಿಕೊಳ್ಳಲು ನ್ಯಾಯವಿರುವುದು ಇದಕ್ಕೆ. ಜೊತೆಗೆ ಸ್ವಂತ ಹಾನಿಗೆ ಅವರು ಕಟ್ಟಿದ 650ರಲ್ಲಿ ಉಳಿದ ದಿನಗಳ 260 ರೂಪಾಯಿ. ನಾನಾಗಿದ್ದರೆ 1,400ಕ್ಕೆ ಮಾತು ಮುಗಿಸುತ್ತಿದ್ದೆ.

ಪಾಲಿಸಿ ಕಾಗದಗಳನ್ನು ಕೇಳಿ ಪಡೆದು ನೋಡುವಾಗ ಒಂದನ್ನು ಗಮನಿಸಿ. ಐದು ವರ್ಷದ ವಿಮೆ ಶೋರೂಮಿನಲ್ಲಿ ಒಂದು ಕಂಪನಿಯದಾಗಿ, ನಂತರದ ಸ್ವಂತ ಹಾನಿಯ ಪಾಲಿಸಿ ಬೇರೆ ಕಂಪನಿಯದಾಗಿರುವುದು ಸಾಮಾನ್ಯ. ಹಾಗಿದ್ದರೆ ಎರಡೂ ಕಂಪನಿಗಳಿಗೆ ಪ್ರತ್ಯೇಕ ಅರ್ಜಿ ಬೇಕು. ಒಂದಕ್ಕೆ ಹಾಕಿ ಕೆಲಸ ಮುಗಿಯಿತೆಂದು ತಿಳಿದ ಇಬ್ಬರನ್ನು ಇದೇ ವರ್ಷ ನೋಡಿದ್ದೇನೆ.

ಮಾರುವವರನ್ನು ಒಲಿಸಿಕೊಳ್ಳಲು ಒಂದು ಉಪಾಯವಿದೆ. ಪಾಲಿಸಿ ವರ್ಗಾವಣೆಗೆ ಅವರು ಸಹಕರಿಸಿದರೆ, ಮಾರಾಟದ ದಾಖಲೆ ಕೊಟ್ಟು ಕಂಪನಿಯಿಂದ ಬೋನಸ್ ಪ್ರಮಾಣಪತ್ರ ಪಡೆಯಬಹುದು. ಅದಕ್ಕೆ ಮೂರು ವರ್ಷ ಬೆಲೆ ಇರುತ್ತದೆ. ಅಷ್ಟರಲ್ಲಿ ಅವರು ಮತ್ತೊಂದು ದ್ವಿಚಕ್ರ ವಾಹನ ಕೊಂಡು, ಅದರ ಸ್ವಂತ ಹಾನಿಯ ಪ್ರೀಮಿಯಂ 1,600 ರೂಪಾಯಿ ಆದರೆ ಶೇ 35ರಂತೆ 560 ಉಳಿಯುತ್ತದೆ. ಕಾರಿಗೆ ನಡೆಯುವುದಿಲ್ಲ, ವಾಹನದ ವರ್ಗ ಅದೇ ಇರಬೇಕು. ಇದನ್ನು ಹೇಳಿದರೆ ಅವರೇ ನಿಮ್ಮನ್ನು ಕರೆದುಕೊಂಡು ವಿಮಾ ಕಚೇರಿಗೆ ಬಂದಾರು. ನಿಮ್ಮ ಬಳಿಯೂ ಹಿಂದೆ ಮಾರಿದ ಬೈಕಿನ ಅಂಥ ಪತ್ರವಿದ್ದರೆ, ಅವಧಿ ಮುಗಿದಿರದಿದ್ದರೆ, ಅದನ್ನು ಇಲ್ಲಿ ಬಳಸಿಕೊಳ್ಳಬಹುದೇ ಎಂದು ಅರ್ಜಿ ಕೊಡುವಾಗಲೇ ಕೇಳಿ.

ಪಾಲಿಸಿಯ ಬದಲಾವಣೆ ದಾಖಲಿಸಿದ ಎಂಡಾರ್ಸ್‌ಮೆಂಟ್ ಪತ್ರ ಕಂಪನಿಯಿಂದ ಬಂದ ಮೇಲೆ ಎರಡು ಕಡೆ ಕಣ್ಣಾಡಿಸಿ: ವಿಮೆದಾರರ ಹೆಸರಿನಲ್ಲಿ ನೀವು ಇರಬೇಕು, ಬೋನಸ್ ಜಾಗದಲ್ಲಿ ಸೊನ್ನೆ ಇರಬೇಕು. ಅಲ್ಲಿ ಇನ್ನೂ 35 ಎಂದೇ ಇದ್ದರೆ ಲಾಭವಾಯಿತೆಂದು ಸುಮ್ಮನಿರದೆ ತಿದ್ದಿಸಿ. ಮುಂದಿನ ನವೀಕರಣದಲ್ಲಿ ಮೊಬೈಲ್ ತಂತಾನೇ ಶೇ 45 ತೋರಿಸಿದರೂ ಒಪ್ಪಬೇಡಿ. ನಿಮ್ಮದೇ ಬೋನಸ್ ಶೇ 20ರಿಂದ ಶುರುವಾಗುತ್ತದೆ, ಅದೂ ನಿಮ್ಮ ಹೆಸರಿನಲ್ಲಿ ಕ್ಲೇಮ್ ಇಲ್ಲದೆ ಪೂರ್ತಿ ಒಂದು ವರ್ಷ ಕಳೆದ ಮೇಲೆ.