ಬೆಕ್ಕಿಗೆ ಬೈದಿದ್ದು ಯಾರಿಗೆ?

*ಸಂಪಾದಕರೇ, ಹೋದ ತಿಂಗಳು ನನ್ನ ಓರಗಿತ್ತಿಗೆ ಕೊಟ್ಟಿದ್ದ 8,000 ರೂಪಾಯಿ ವಾಪಸ್ ಕೇಳಿದೆ. ಜೋರು ಮಾಡಲಿಲ್ಲ, ಸುಮ್ನೆ ಕೇಳಿದೆ. ಎರಡೇ ದಿನಕ್ಕೆ ಅವಳ ವಾಟ್ಸಾಪ್ ಸ್ಟೇಟಸ್ ಬಂತು: "ಬಾಯಲ್ಲಿ ಬೆಲ್ಲ, ಬೆನ್ನಿಗೆ ಚೂರಿ. ಕೊಟ್ಟಿದ್ದರ ಲೆಕ್ಕ ಇಡೋರಿಗೆ ತಗೊಂಡಿದ್ದು ನೆನಪಿರಲ್ಲ. ಎಲ್ಲಾ ದೇವರು ನೋಡ್ತಿದ್ದಾನೆ." ನಾನು ನೋಡಿದ ಒಂದು ಗಂಟೆಗೆ ತೆಗೆದುಬಿಟ್ಟಳು. ನನ್ನ ನಾದಿನಿ ಫೋನ್ ಮಾಡಿ "ಅತ್ತಿಗೆ, ಇದು ನಿಮಗೇ" ಅಂದಳು. ಅವಳು ಇಂಥ ಸ್ಟೇಟಸ್ ಆಗಾಗ ಹಾಕುತ್ತಾಳೆ, ಮಹಿಳಾ ಸಂಘದ ಪುಸ್ತಕ ಬರೆಯೋ ಕೆಲಸ ಸಿಕ್ಕಿದ ಮೇಲಂತೂ ಜಾಸ್ತಿ. ಆದರೂ ಇದು ನನಗೇ ಅಂತ ಖಾತ್ರಿ. ನಾನೂ ಒಂದು ಸ್ಟೇಟಸ್ ಹಾಕಲಾ?*
*— ಹೆಸರು ಬೇಡ, ಹಾಸನ*

ಸ್ಟೇಟಸ್ ಹಾಕಬೇಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ "ಖಾತ್ರಿ" ಎಲ್ಲಿಂದ ಬಂತು ಅಂತ ನೋಡೋಣ.

ಹೆಸರು ಹೇಳದೆ ಮುಟ್ಟಿಸುವುದು ನಮಗೆ ಹೊಸದೇನಲ್ಲ. ನಮ್ಮಜ್ಜಿ ಅಡುಗೆಮನೆಯಲ್ಲಿ ಬೆಕ್ಕಿಗೆ ಬೈಯುತ್ತಿದ್ದರು: "ಹಾಲು ಕುಡಿಯೋಕೆ ಮಾತ್ರ ಬರ್ತೀಯ, ಇಲಿ ಹಿಡಿಯೋಕೆ ಆಗಲ್ಲ ಅಲ್ವಾ?" ಬೆಕ್ಕು ಒಲೆ ಪಕ್ಕ ಮಲಗೇ ಇರುತ್ತಿತ್ತು. ಹಿಟ್ಟು ಕಲಸುತ್ತಿದ್ದ ನಮ್ಮ ಚಿಕ್ಕಮ್ಮನ ಕೈ ನಿಂತುಹೋಗುತ್ತಿತ್ತು. ಹನ್ನೊಂದನೇ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಮಮ್ಮಟ, ಮಾತಿನ ಒಳಗಿನ ಅರ್ಥ ಯಾವುದರಿಂದ ತಿಳಿಯುತ್ತದೆ ಎಂದು ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಹೇಳುವವರು ಯಾರು, ಕೇಳುವವರು ಯಾರು, ದನಿ ಹೇಗಿತ್ತು, ಯಾವ ಸಂದರ್ಭ, ಯಾವ ಜಾಗ, ಯಾವ ಹೊತ್ತು, ಹೀಗೆ. ಅದರಲ್ಲಿ "ಅನ್ಯಸನ್ನಿಧಿ" ಅಂತಲೂ ಒಂದಿದೆ. ಅಂದರೆ ಮಾತಾಡಿದ್ದು ಒಬ್ಬರ ಹತ್ತಿರ, ಪಕ್ಕದಲ್ಲಿ ಇನ್ನೊಬ್ಬರು ಇದ್ದಾರೆ ಅನ್ನುವುದು. ಅಜ್ಜಿಯ ಬೆಕ್ಕಿನ ಲೆಕ್ಕ ಪೂರ್ತಿ ಅದೇ.

ಆ ಅಡುಗೆಮನೆಯಲ್ಲಿ ಇದ್ದದ್ದು ಇಬ್ಬರು ಹೆಂಗಸರು, ಒಂದು ಬೆಕ್ಕು. ಅಜ್ಜಿಯ ದನಿ ಕೇಳುತ್ತಿತ್ತು, ಕಣ್ಣು ಎತ್ತ ಹೋಯಿತು ಅಂತ ಕಾಣುತ್ತಿತ್ತು. ಚಿಕ್ಕಮ್ಮ ತಪ್ಪು ತಿಳಿಯಲು ಜಾಗವೇ ಇರಲಿಲ್ಲ. ಸ್ಟೇಟಸ್‌ನಲ್ಲಿ ದನಿಯೂ ಇಲ್ಲ, ಕಣ್ಣೂ ಇಲ್ಲ. ಅಡುಗೆಮನೆಯಲ್ಲಿ ಇನ್ನೂರು ಜನ ನಿಂತಿದ್ದಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಜಗಳ ಹೊತ್ತುಕೊಂಡು ಬಂದಿದ್ದಾರೆ. ದನಿ, ಕಣ್ಣು, ಸಂದರ್ಭ ಎಲ್ಲವನ್ನೂ ಓದುವವರೇ ತಮ್ಮ ಮನೆಯಿಂದ ತಂದು ತುಂಬಿಸಿಕೊಳ್ಳುತ್ತಾರೆ. ನೀವು ತುಂಬಿಸಿದ್ದು 8,000 ರೂಪಾಯಿ.

ಈಗ ಸಾಲುಗಳನ್ನೇ ಹಿಡಿದು ನೋಡೋಣ. "ಲೆಕ್ಕ ಇಡೋರಿಗೆ" ಅಂತ ಬರೆದಿದ್ದಾರೆ. ಕನ್ನಡದಲ್ಲಿ ಇಂಥ ಮಾತಿಗೆ ಒಂದು ಬಾಲ ಹಚ್ಚಲೇಬೇಕು. "ಇಡೋಳಿಗೆ" ಅಂದರೆ ಒಬ್ಬ ಹೆಂಗಸು. "ಇಡೋನಿಗೆ" ಅಂದರೆ ಒಬ್ಬ ಗಂಡಸು. "ಇಡೋರಿಗೆ" ಅಂದರೆ ಗಂಡಸೂ ಆಗಬಹುದು, ಹೆಂಗಸೂ ಆಗಬಹುದು. ಗೌರವ ಕೊಡಬೇಕಾದ ಒಬ್ಬರೂ ಆಗಬಹುದು, ಹತ್ತು ಜನರೂ ಆಗಬಹುದು. ಹೆಸರು ಮುಚ್ಚಿಡುವವರಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ನಮ್ಮ ಭಾಷೆಯಲ್ಲಿ ಇಲ್ಲ. ನೀವು ಹಿರಿಯ ಸೊಸೆ, "ನನಗೆ ಬಹುವಚನ ಹಾಕಿದ್ದಾಳೆ" ಅಂತ ಅನ್ನಿಸಿರಬಹುದು. ಹಾಗೆ ಓದಬೇಡಿ. ಈ "ಓರು" ಎಲ್ಲರಿಗೂ ಹೊಂದುತ್ತದೆ, ಆದ್ದರಿಂದ ಯಾರನ್ನೂ ತೋರಿಸುವುದಿಲ್ಲ. ಒಂದು ವೇಳೆ ಕೋಪದಲ್ಲಿ ಕೈತಪ್ಪಿ "ಇಡೋಳಿಗೆ" ಅಂತ ಬರೆದಿದ್ದರೆ ಅದು ಸುಳಿವಾಗುತ್ತಿತ್ತು.

ಬೆಲ್ಲ, ಚೂರಿ, ದೇವರು ನೋಡುತ್ತಿರುವುದು, ಇವನ್ನೂ ಪಕ್ಕಕ್ಕಿಡಿ. ಹಾಸನದಿಂದ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತ ಅರ್ಧ ಜನರಿಗೆ ಆ ಚೂರಿ ಹೊಂದುತ್ತದೆ.

ಉಳಿಯುವುದು ಒಂದೇ ಸಾಲು: "ಕೊಟ್ಟಿದ್ದರ ಲೆಕ್ಕ ಇಡೋರಿಗೆ ತಗೊಂಡಿದ್ದು ನೆನಪಿರಲ್ಲ." ನೀವು ಮೊದಲ ಅರ್ಧಕ್ಕೆ ಬೆಚ್ಚಿಬಿದ್ದಿರಿ, ಯಾಕೆಂದರೆ ಕೊಟ್ಟಿದ್ದನ್ನು ಕೇಳಿದ್ದಿರಿ. ಆದರೆ ಈ ಸಾಲಿನಲ್ಲಿರುವ ಮನುಷ್ಯ ಕೊಟ್ಟೂ ಇದ್ದಾರೆ, ತಗೊಂಡೂ ಇದ್ದಾರೆ. ತಗೊಂಡಿದ್ದನ್ನು ಮರೆತಿದ್ದಾರೆ. ನೀವು ಓರಗಿತ್ತಿಯಿಂದ ಏನು ತಗೊಂಡಿದ್ದೀರಿ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಏನೂ ಇಲ್ಲದಿದ್ದರೆ ಸಾಲಿನ ಅರ್ಧ ನಿಮಗೆ ಹೊಂದುವುದಿಲ್ಲ.

ಅದು ಯಾರಿಗೆ ಚೆನ್ನಾಗಿ ಹೊಂದುತ್ತದೆ ಗೊತ್ತಾ? ಸಂಘದ ಸದಸ್ಯರಿಗೆ. ಇಂಥ ಸಂಘಗಳಲ್ಲಿ ಸಾಮಾನ್ಯವಾಗಿ 15–20 ಜನ ಇರುತ್ತಾರೆ. ಎಲ್ಲರೂ ಉಳಿತಾಯ ಕಟ್ಟುತ್ತಾರೆ, ಅದರಿಂದಲೇ ಸಾಲ ತಗೊಳ್ಳುತ್ತಾರೆ. ಕಟ್ಟಿದ ಉಳಿತಾಯ ಎಲ್ಲರಿಗೂ ಪೈಸೆ ಸಮೇತ ನೆನಪಿರುತ್ತದೆ. ಸಾಲದ ಕಂತು ಮಾತ್ರ ಕೆಲವರಿಗೆ ಮರೆತುಹೋಗುತ್ತದೆ. ಕಂತು ಕೇಳಬೇಕಾದವರು, "ನನ್ನ ದುಡ್ಡು ಎಲ್ಲಿ ಹೋಯ್ತು" ಅಂತ ಬೈಸಿಕೊಳ್ಳಬೇಕಾದವರು ಪುಸ್ತಕ ಬರೆಯುವವರು. ಆ ಕೆಲಸ ಸಿಕ್ಕಿದ ಮೇಲೆ ಇಂಥ ಸ್ಟೇಟಸ್ ಜಾಸ್ತಿಯಾಗಿದೆ ಅಂತ ನೀವೇ ಬರೆದಿದ್ದೀರಿ. ಬರೆದು ಮುಂದೆ ಹೋಗಿಬಿಟ್ಟಿದ್ದೀರಿ.

ಸಂಘದವರಿಗೇ ಅಂತ ನಾನು ತೀರ್ಪು ಕೊಡುತ್ತಿಲ್ಲ. ಮನೆಯೊಳಗೆ ತಗೊಂಡಿದ್ದು ಅಂದರೆ ದುಡ್ಡೇ ಆಗಬೇಕಿಲ್ಲ. ಅತ್ತೆಗೆ ಹುಷಾರಿಲ್ಲದಾಗ ಅವರೊಬ್ಬರೇ ಆಸ್ಪತ್ರೆಯಲ್ಲಿ ರಾತ್ರಿ ಕಳೆದಿರಬಹುದು. ನಿಮ್ಮ ಮಕ್ಕಳಿಗೆ ಒಂದು ವರ್ಷ ಮಧ್ಯಾಹ್ನದ ಊಟ ಹಾಕಿರಬಹುದು. ನಿಮಗೆ ಅದು ನೆನಪಿಲ್ಲದಿದ್ದರೆ, ಕಷ್ಟ ಏನೆಂದರೆ, ಆ ಸಾಲು ಹೇಳುತ್ತಿರುವುದೂ ಅದನ್ನೇ. ಇದೊಂದನ್ನು ನೀವೇ ಕೂತು ಯೋಚಿಸಬೇಕು.

ಎರಡು ದಿನದ ವಿಷಯಕ್ಕೆ ಬರುತ್ತೇನೆ. ನಿಮಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸಿರುವುದು ಅದೇ. "ಆಗಾಗ" ಅಂದರೆ ವಾರಕ್ಕೊಂದು ಅಂತ ಇಟ್ಟುಕೊಳ್ಳಿ. ಆಗ ನೀವು ಯಾವ ದಿನ ದುಡ್ಡು ಕೇಳಿದರೂ, ಮುಂದಿನ ಎರಡು ದಿನದೊಳಗೆ ಒಂದು ಸ್ಟೇಟಸ್ ಬೀಳುವ ಸಾಧ್ಯತೆ 7ರಲ್ಲಿ 2. ನೀವು ಕೇಳದಿದ್ದರೂ ಅಷ್ಟೇ. ವರ್ಷಕ್ಕೊಮ್ಮೆ ಹಾಕುವವರು ಹಾಕಿದ್ದರೆ ಮಾತು ಬೇರೆ, ಆಗ ಎರಡು ದಿನಕ್ಕೆ ತೂಕ ಬರುತ್ತಿತ್ತು. ಇನ್ನೊಂದು, ಆ ವಾರ ನಿಮ್ಮ ಮನೆಯಲ್ಲಿ ನಡೆದದ್ದು ನಿಮಗೆ ಗೊತ್ತು. ಅವರ ಸಂಘದ ಸಭೆಯಲ್ಲಿ ನಡೆದದ್ದು ಗೊತ್ತಿಲ್ಲ. ನಿಮಗೆ ಗೊತ್ತಿರುವ ಆ ಒಂದು ಕಾರಣವನ್ನೇ ಈ ಸ್ಟೇಟಸ್ಸಿಗೆ ಗಂಟು ಹಾಕಿದ್ದೀರಿ.

ಒಂದು ಗಂಟೆಗೆ ತೆಗೆದದ್ದು? ನೋಡಿದವರ ಹೆಸರು ಹಾಕಿದವರಿಗೆ ಕಾಣುತ್ತದೆ, ನೋಡಿದವರು ನೀಲಿ ಟಿಕ್ ಆಫ್ ಮಾಡಿರದಿದ್ದರೆ. ನಿಮ್ಮ ಹೆಸರು ನೋಡಿ ಹೆದರಿ ತೆಗೆದಿರಬಹುದು. ಮುಟ್ಟಬೇಕಾದ ಇನ್ಯಾರಿಗೋ ಮುಟ್ಟಿತು ಅಂತ ತೆಗೆದಿರಬಹುದು. ಗಂಡ ಬೈದಿರಬಹುದು. ಅದಿರಲಿ, ನಿಮಗೆ ಗೊತ್ತಾಗದಂತೆ ನಿಮ್ಮ ಬಗ್ಗೆ ಬರೆಯಬೇಕೆಂದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮೊಬ್ಬರನ್ನೇ ಬಿಟ್ಟು ಉಳಿದವರಿಗೆ ತೋರಿಸಬಹುದಿತ್ತು. ಇದರಲ್ಲಿ ಯಾವುದನ್ನೂ ಹೊರಗಿನಿಂದ ತಿಳಿಯಲು ಆಗುವುದಿಲ್ಲ.

ನಾದಿನಿಯ ಸಾಕ್ಷಿಯನ್ನು ನಾನಂತೂ ಒಪ್ಪುವುದಿಲ್ಲ. ದುಡ್ಡು ಕೇಳಿದ ವಿಷಯ ಅವರಿಗೆ ಹೇಗೆ ಗೊತ್ತಾಯಿತು? ನೀವೇ ಹೇಳಿದ್ದರೆ, ನಿಮ್ಮ ಊಹೆಯನ್ನೇ ಅವರು ಫೋನಿನಲ್ಲಿ ನಿಮಗೆ ವಾಪಸ್ ಕೊಟ್ಟಿದ್ದಾರೆ. ಅದು ಎರಡನೇ ಸಾಕ್ಷಿ ಅಲ್ಲ, ಮೊದಲನೆಯದರ ಪ್ರತಿಧ್ವನಿ. ನಿಮ್ಮಿಬ್ಬರನ್ನೂ ಬಲ್ಲ, ಆದರೆ ದುಡ್ಡಿನ ವಿಷಯ ಗೊತ್ತಿಲ್ಲದ ಯಾರಾದರೂ ತಾವಾಗಿಯೇ ನಿಮ್ಮ ಹೆಸರು ಹೇಳಿದ್ದರೆ ನಾನು ಕಿವಿ ನಿಮಿರಿಸುತ್ತಿದ್ದೆ.

ನೀವು ಬೆಚ್ಚಿದ್ದೂ ಪುರಾವೆಯಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತೇವೆ. ಈ ಗಾದೆಯನ್ನು ನಾನು ನಂಬುವುದನ್ನು ಬಿಟ್ಟು ಬಹಳ ವರ್ಷವಾಯಿತು. ಒಮ್ಮೆ ನಮ್ಮ ಪತ್ರಿಕೆಯಲ್ಲಿ, ಕಾಫಿ ಕೊಯ್ಲು ಮುಗಿದು ಎರಡು ತಿಂಗಳಾದರೂ ಕೂಲಿ ಕೊಡದ ತೋಟದ ಮಾಲೀಕರೊಬ್ಬರ ಬಗ್ಗೆ ಹೆಸರಿಲ್ಲದೆ ಬರೆದಿದ್ದೆವು. ಸಕಲೇಶಪುರದಿಂದ ಇಬ್ಬರು, ಮೂಡಿಗೆರೆ ಕಡೆಯಿಂದ ಒಬ್ಬರು, ಆಲೂರಿನಿಂದ ಒಬ್ಬರು ಫೋನ್ ಮಾಡಿದರು. "ಇದು ನನಗೇ ಬರೆದಿದ್ದು, ನಾನು ಯುಗಾದಿಗೆ ಮುಂಚೆನೇ ಬಟವಾಡೆ ಮಾಡಿದ್ದೀನಿ" ಅಂತ ನಾಲ್ವರದೂ ಒಂದೇ ರಾಗ. ನಿಜವಾದ ಆ ಮಾಲೀಕರೂ ಫೋನ್ ಮಾಡಿದರು. "ಚೆನ್ನಾಗಿ ಬರೆದಿದ್ದೀರಿ, ಇಂಥವರಿಗೆ ಬುದ್ಧಿ ಬರಬೇಕು" ಅಂದರು. ಹೆಗಲು ಮುಟ್ಟಿಕೊಂಡವರು ನಾಲ್ಕು ಜನ, ಕಳ್ಳ ಮಾತ್ರ ಮುಟ್ಟಿಕೊಳ್ಳಲಿಲ್ಲ.

ಪತ್ರಿಕೆಯವರಾದ ನಮಗೆ ಇದು ಬರೀ ತಮಾಷೆಯಲ್ಲ. ಹೆಸರು ಹಾಕಲಿಲ್ಲ ಎಂದ ಮಾತ್ರಕ್ಕೆ ಮಾನಹಾನಿಯಿಂದ ಪಾರಾಗಲು ಆಗುವುದಿಲ್ಲ. ಬಲ್ಲವರು ಗುರುತು ಹಿಡಿಯುವಂತಿದ್ದರೆ ಸಾಕು. ಹಳೆಯ ದಂಡ ಸಂಹಿತೆಯ 499ನೇ ಸೆಕ್ಷನ್‌ನಲ್ಲಿ, ಈಗ ನ್ಯಾಯ ಸಂಹಿತೆಯ 356ರಲ್ಲಿ, ಒಂದು ಚೆಂದದ ಉದಾಹರಣೆ ಇದೆ: "ಅವನು ಪ್ರಾಮಾಣಿಕ, ವಾಚು ಅವನು ಕದ್ದೇ ಇಲ್ಲ" ಅಂತ, ಅವನೇ ಕದ್ದ ಎಂದು ಜನ ನಂಬಲಿ ಅನ್ನುವ ಉದ್ದೇಶದಿಂದ ಹೇಳುವುದು. ಅಜ್ಜಿಯ ಬೆಕ್ಕಿಗೆ ಕಾನೂನಿನಲ್ಲೂ ಜಾಗ ಇದೆ. ನಿಮ್ಮ ವಿಷಯ ಅಲ್ಲಿಗೆ ಹೋಗುವಂಥದ್ದಲ್ಲ ಬಿಡಿ.

ನೀವು ಉತ್ತರದ ಸ್ಟೇಟಸ್ ಹಾಕಿದರೆ ಏನಾಗುತ್ತದೆ? ಇವತ್ತಿನವರೆಗೆ ನೆಂಟರಲ್ಲಿ ಹೆಚ್ಚಿನವರಿಗೆ ಅವರ ಸ್ಟೇಟಸ್ ಯಾರಿಗೆ ಅಂತ ಗೊತ್ತಿಲ್ಲ. ನೋಡಿ ಮರೆತಿದ್ದಾರೆ. ನಿಮ್ಮದು ಬಂದ ಕೂಡಲೇ ಎರಡನ್ನೂ ಪಕ್ಕಪಕ್ಕ ಇಟ್ಟು, "ಓ, ಅದು ಇವರಿಗಾ" ಅನ್ನುತ್ತಾರೆ. ಅವರು ಬಿಟ್ಟ ಖಾಲಿ ಜಾಗದಲ್ಲಿ ನಿಮ್ಮ ಹೆಸರನ್ನು ನೀವೇ ಬರೆದುಕೊಟ್ಟಂತೆ.

"ಅದು ನನಗೇನಾ?" ಅಂತ ಕೇಳಲೂಬೇಡಿ. ನಿಮಗೇ ಆಗಿದ್ದರೂ, ಆಗಿರದಿದ್ದರೂ ಬರುವ ಉತ್ತರ ಒಂದೇ: "ಅಯ್ಯೋ, ನಿಮಗ್ಯಾಕೆ ಹಾಕ್ಲಿ ಅಕ್ಕ!" ಅದರಿಂದ ಏನೂ ತಿಳಿಯುವುದಿಲ್ಲ. ಸ್ಟೇಟಸ್ ಮಾತೇ ಎತ್ತದೆ ಅವರ ಮನೆಗೆ ಹೋಗಿ. "ಸಂಘದ ಪುಸ್ತಕ ಹೇಗೆ ನಡೀತಿದೆ, ಕಂತು ಎಲ್ಲರೂ ಕಟ್ತಾರಾ?" ಅಂತ ಕೇಳಿ. ಅಲ್ಲಿ ಬೆಂಕಿ ಇದ್ದರೆ ಕಾಫಿ ಆರುವುದರೊಳಗೆ ಹೊರಬರುತ್ತದೆ. ಬರದಿದ್ದರೆ ದುಡ್ಡಿನ ಮಾತನ್ನೇ ನೇರ ತೆಗೆಯಿರಿ: "ಅವತ್ತು ನಾನು ಕೇಳಿದ್ದು ನಿಂಗೆ ಬೇಜಾರಾಯ್ತಾ?" ಇದಕ್ಕೆ ಬರುವ ಉತ್ತರದಲ್ಲಿ ದನಿಯೂ ಇರುತ್ತದೆ, ಕಣ್ಣೂ ಇರುತ್ತದೆ.

ಕೊನೆಗೆ ಒಂದು ಮಾತು ಒಪ್ಪಿಕೊಳ್ಳಬೇಕು. ನಿಮ್ಮ ಪತ್ರದಲ್ಲಿ ಬಡಾವಣೆಯ ಹೆಸರು ತೆಗೆದಿದ್ದೇವೆ, ದುಡ್ಡಿನ ಮೊತ್ತ ಬದಲಿಸಿದ್ದೇವೆ, ಸ್ಟೇಟಸ್ಸಿನ ಪದಗಳನ್ನೂ ಅರ್ಥ ಕೆಡದಂತೆ ಅಲ್ಲಲ್ಲಿ ತಿದ್ದಿದ್ದೇವೆ. ನಿಮ್ಮ ಓರಗಿತ್ತಿಗೆ ಗುರುತು ಸಿಗಲಾರದು. ಆದರೆ ಈ ಸಂಚಿಕೆ ಅಂಗಡಿಗೆ ಬಂದ ಮೇಲೆ ಹಾಸನದ ಎಷ್ಟು ಓರಗಿತ್ತಿಯರು ನಮಗೆ ಫೋನ್ ಮಾಡುತ್ತಾರೋ, ಅದನ್ನು ಎಣಿಸಲು ಕಚೇರಿಯಲ್ಲಿ ಒಂದು ಪುಸ್ತಕ ತೆಗೆದಿಟ್ಟಿದ್ದೇವೆ.

— ಸಂಪಾದಕ